ಒಂದು ಪುಟದ ಕಂಪನಿ ಪರಿಚಯ: ಸ್ಥಾಪನೆ, ವಲಯ ಮತ್ತು ಒಡೆತನಕ್ಕೆ ಆಧಾರ ಹುಡುಕುವ ಕ್ರಮ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನದ ಭಾಗವಿದೆ. ಅದರ ಅಂಗವಾಗಿ ಯಾವುದಾದರೊಂದು ಕಂಪನಿಯ ಪರಿಚಯವನ್ನು ಒಂದು ಪುಟದಲ್ಲಿ ಬರೆದು ತರುವಂತೆ ಶಿಕ್ಷಕರು ಮಕ್ಕಳಿಗೆ ತಿಳಿಸುವುದುಂಟು. ಗದಗ-ಬೆಟಗೇರಿಯ ಮಕ್ಕಳಾದರೆ ನಗರದ ಗ್ರಂಥಾಲಯಕ್ಕೆ ಹೋಗುತ್ತಾರೆ. ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳ ಗ್ರಾಮಗಳ ಮಕ್ಕಳು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಬರುತ್ತಾರೆ. ಅಲ್ಲಿನ ಗಣಕಯಂತ್ರದಲ್ಲಿ ಮೊದಲು ಕಂಡ ಪುಟವನ್ನು ನಕಲು ಮಾಡಿ, ಒಂದು ಚಿತ್ರ ಅಂಟಿಸಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಮೇಲ್ವಿಚಾರಕರಾಗಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ಸದಸ್ಯರಾಗಲಿ ಆ ಹಾಳೆಯನ್ನು ನೋಡಿದಾಗ ಏನನ್ನು ಕೇಳಬೇಕು ಎಂಬುದೇ ಈ ಪಾಠದ ವಿಷಯ.

ಉದಾಹರಣೆಗಾಗಿ ಇಲ್ಲಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತ, ಅಂದರೆ ಹೆಸ್ಕಾಂ ಅನ್ನು ತೆಗೆದುಕೊಳ್ಳಲಾಗಿದೆ. ಬೀದಿ ದೀಪ ಮತ್ತು ಕುಡಿಯುವ ನೀರಿನ ಪಂಪುಗಳ ಬಿಲ್ಲಿನ ಮೂಲಕ ಈ ಹೆಸರು ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಪ್ರತಿ ತಿಂಗಳು ತಲುಪುತ್ತದೆ. ಹೀಗಾಗಿ ಮಕ್ಕಳು ಆಯ್ದುಕೊಳ್ಳುವ ಸಾಧ್ಯತೆ ಹೆಚ್ಚಿರುವ ಕಂಪನಿಯೂ ಇದೇ. ಸದಸ್ಯರಿಗೆ ಇದರ ಇನ್ನೊಂದು ಉಪಯೋಗವೂ ಇದೆ. ಕಂಪನಿಯ ಒಡೆಯರು ಯಾರು ಎಂಬ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ, ಆ ಕಂಪನಿಯಿಂದ ಮಾಹಿತಿಯನ್ನು ಯಾವ ದಾರಿಯಲ್ಲಿ ಕೇಳಬಹುದು ಎಂಬುದು ನಿಂತಿದೆ.

ಮೊದಲ ಪ್ರಶ್ನೆ: ಇದು ಕಂಪನಿ ಹೌದೇ?

ಆಡುಮಾತಿನಲ್ಲಿ ಗಿರಣಿ, ಅಂಗಡಿ, ಸಂಘ, ಸೊಸೈಟಿ ಎಲ್ಲವೂ ಕಂಪನಿ ಎನಿಸಿಕೊಳ್ಳುತ್ತವೆ. ಕಾನೂನಿನ ದೃಷ್ಟಿಯಲ್ಲಿ ಕಂಪನಿ ಕಾಯ್ದೆಯಡಿ ನೋಂದಣಿಯಾದದ್ದು ಮಾತ್ರ ಕಂಪನಿ. ಒಬ್ಬರೇ ನಡೆಸುವ ಮುದ್ರಣಾಲಯ, ಇಬ್ಬರು ಪಾಲುದಾರರ ಹತ್ತಿ ಗಿರಣಿ, ನೇಕಾರರ ಸಹಕಾರ ಸಂಘ ಇವು ಯಾವುವೂ ಕಂಪನಿಗಳಲ್ಲ. ಈ ವ್ಯತ್ಯಾಸವನ್ನು ಮೊದಲೇ ತಿಳಿದುಕೊಳ್ಳದಿದ್ದರೆ ಮುಂದಿನ ಹುಡುಕಾಟವೆಲ್ಲ ತಪ್ಪು ಕಚೇರಿಯ ಬಾಗಿಲಲ್ಲಿ ನಡೆಯುತ್ತದೆ.

ಈ ಜಿಲ್ಲೆಯಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಹಿಂದಿನ ವರ್ಷ, ಅಂದರೆ 1904ರಲ್ಲಿ ಜಾರಿಗೆ ಬಂದಿದ್ದ ಸಹಕಾರ ಪತ್ತಿನ ಸಂಘಗಳ ಕಾಯ್ದೆಯೇ ಅದರ ಕಾನೂನಿನ ಬುನಾದಿ. ಆ ಸಂಘವನ್ನು ಕುರಿತು ಬರೆಯುವ ವಿದ್ಯಾರ್ಥಿ ಕಂಪನಿಗಳ ದಾಖಲೆಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಸಹಕಾರ ಸಂಘದ ನೋಂದಣಿ ದಾಖಲೆಗಳು ಸಹಕಾರ ಇಲಾಖೆಯಲ್ಲಿರುತ್ತವೆ. ಇನ್ನೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ಸ್ಥಾಪಿಸಿದವರು ಪಾಟೀಲರು, ಆದರೆ ಸಂಘದ ಒಡೆತನ ಪಾಲು ಹಣ ತೊಡಗಿಸಿದ ಸದಸ್ಯರದ್ದು. ಸ್ಥಾಪಕರು ಮತ್ತು ಒಡೆಯರು ಒಂದೇ ಆಗಿರಬೇಕಾಗಿಲ್ಲ. ಈ ಎರಡನ್ನೂ ಕಲಸಿ ಬರೆದ ಹಾಳೆಗಳೇ ಹೆಚ್ಚು.

ಹೆಸ್ಕಾಂ ಮಾತ್ರ ಹೆಸರಿಗೂ ಕಾನೂನಿಗೂ ಕಂಪನಿಯೇ. ಅದರ ಹೆಸರಿನ ಕೊನೆಯಲ್ಲಿರುವ ‘ನಿಯಮಿತ’ ಎಂಬ ಪದ ಅದಕ್ಕೆ ಮೊದಲ ಸುಳಿವು. ಆದರೆ ಸಹಕಾರ ಸಂಘಗಳ ಹೆಸರಿನ ಕೊನೆಯಲ್ಲಿಯೂ ‘ನಿಯಮಿತ’ ಎಂದಿರುವುದುಂಟು. ಆದುದರಿಂದ ಸುಳಿವನ್ನು ಆಧಾರವೆಂದು ತಿಳಿಯದೆ, ನೋಂದಣಿ ದಾಖಲೆಯನ್ನು ನೋಡಿಯೇ ಮುಂದುವರಿಯಬೇಕು.

ನೋಂದಣಿ ದಾಖಲೆಯನ್ನು ನೋಡುವ ಬಗೆ

ಭಾರತದ ಎಲ್ಲ ಕಂಪನಿಗಳ ನೋಂದಣಿ ವಿವರ ಕೇಂದ್ರ ಸರ್ಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿರುತ್ತದೆ. ಅದರ ವಿಳಾಸ `mca.gov.in`. ಅಲ್ಲಿ ಕಂಪನಿಯ ಮೂಲ ವಿವರಗಳನ್ನು ತೋರಿಸುವ ಪುಟಕ್ಕೆ `Master Data` ಎಂಬ ಹೆಸರಿದೆ. ಈ ಪುಟವನ್ನು ನೋಡಲು ಬಳಕೆದಾರರ ಖಾತೆ ತೆರೆಯಬೇಕಾಗಬಹುದು. ಅರಿವು ಕೇಂದ್ರದ ಮೇಲ್ವಿಚಾರಕರು ಒಮ್ಮೆ ಖಾತೆ ತೆರೆದಿಟ್ಟರೆ ಪ್ರತಿ ವರ್ಷವೂ ಮಕ್ಕಳಿಗೆ ತೋರಿಸಬಹುದು.

ಹುಡುಕುವಾಗ ಎದುರಾಗುವ ಮೊದಲ ತೊಡಕು ಹೆಸರಿನದ್ದೇ. 2014ರಲ್ಲಿ ನಗರದ ಹೆಸರನ್ನು ಇಂಗ್ಲಿಷಿನಲ್ಲಿಯೂ ಹುಬ್ಬಳ್ಳಿ ಎಂದೇ ಬರೆಯುವಂತೆ ಬದಲಾಯಿಸಲಾಯಿತು. ಊರಿನ ಹೆಸರು ಬದಲಾದ ಮಾತ್ರಕ್ಕೆ ಕಂಪನಿಯ ಹೆಸರು ತಾನಾಗಿ ಬದಲಾಗುವುದಿಲ್ಲ. ಅದಕ್ಕೆ ಬೇರೆಯೇ ಕಾನೂನು ಕ್ರಮ ಬೇಕು. ಆದುದರಿಂದ ವಿದ್ಯಾರ್ಥಿಯು `Hubballi` ಎಂದು ಬರೆದು ಹುಡುಕಿ, ಏನೂ ಸಿಗಲಿಲ್ಲವೆಂದು ನಿಲ್ಲಿಸಬಾರದು. ಕಂಪನಿ ನೋಂದಣಿಯಾದ ಹೆಸರು `Hubli Electricity Supply Company Limited`. ಹುಡುಕಬೇಕಾದದ್ದು ಆ ಹೆಸರಿನಿಂದ.

ಹೆಸರಿಗಿಂತಲೂ ನಂಬಲರ್ಹವಾದ ಗುರುತು ಕಂಪನಿ ಗುರುತಿನ ಸಂಖ್ಯೆ. ಇದು ಇಪ್ಪತ್ತೊಂದು ಅಕ್ಷರ ಮತ್ತು ಅಂಕಿಗಳ ಸಾಲು. ಕಂಪನಿಯು ತನ್ನ ಪತ್ರಗಳ ತಲೆಬರಹದಲ್ಲಿ ಇದನ್ನು ಮುದ್ರಿಸಬೇಕೆಂಬ ನಿಯಮವಿದೆ. ಹೀಗಾಗಿ ಪಂಚಾಯಿತಿಗೆ ಬಂದಿರುವ ಹೆಸ್ಕಾಂ ಪತ್ರವೊಂದು ಕಡತದಲ್ಲಿದ್ದರೆ, ಮಗುವಿಗೆ ಅದರ ತಲೆಬರಹವನ್ನು ತೋರಿಸಿದರೂ ಸಾಕು. ಹೆಸ್ಕಾಂ ಸಂಖ್ಯೆ ಹೀಗಿದೆ:

```
U31401KA2002SGC030437
```

ಈ ಸಾಲನ್ನು ಆರು ತುಂಡುಗಳಾಗಿ ಓದಬೇಕು. ಮೊದಲ ಅಕ್ಷರ `U` ಎಂದರೆ ಕಂಪನಿಯ ಷೇರುಗಳು ಷೇರುಪೇಟೆಯಲ್ಲಿ ನೋಂದಣಿಯಾಗಿಲ್ಲ. ಆಗಿದ್ದರೆ ಅಲ್ಲಿ `L` ಇರುತ್ತಿತ್ತು. ಮುಂದಿನ ಐದು ಅಂಕಿಗಳು ಉದ್ಯಮದ ವರ್ಗವನ್ನು ಸೂಚಿಸುತ್ತವೆ. `KA` ಎಂದರೆ ಕರ್ನಾಟಕ. `2002` ಎಂಬುದು ನೋಂದಣಿಯ ವರ್ಷ. `SGC` ಎಂದರೆ ರಾಜ್ಯ ಸರ್ಕಾರದ ಕಂಪನಿ. ಕೊನೆಯ ಆರು ಅಂಕಿಗಳು ನೋಂದಣಿ ಸಂಖ್ಯೆ. ಸ್ಥಾಪನೆ, ವಲಯ, ಒಡೆತನ ಎಂಬ ಮೂರೂ ಪ್ರಶ್ನೆಗಳಿಗೆ ಈ ಒಂದೇ ಸಾಲಿನಲ್ಲಿ ಸುಳಿವುಗಳಿವೆ. ಆದರೆ ಮೂರು ಸುಳಿವುಗಳೂ ಒಂದೇ ಮಟ್ಟಿಗೆ ನಂಬಲರ್ಹವಲ್ಲ. ಮುಂದಿನ ಭಾಗಗಳಲ್ಲಿ ಅವನ್ನು ಒಂದೊಂದಾಗಿ ಪರಿಶೀಲಿಸಲಾಗಿದೆ.

ಸ್ಥಾಪನೆ: ನಾಲ್ಕು ದಿನಾಂಕಗಳಲ್ಲಿ ಯಾವುದು?

ಹೆಸ್ಕಾಂ ಯಾವಾಗ ಸ್ಥಾಪನೆಯಾಯಿತು ಎಂದು ಹುಡುಕುವ ವಿದ್ಯಾರ್ಥಿಗೆ ಒಂದಲ್ಲ, ನಾಲ್ಕು ಉತ್ತರಗಳು ಸಿಗುತ್ತವೆ. ನಾಲ್ಕಕ್ಕೂ ಒಂದೊಂದು ಅರ್ಥವಿದೆ.

1957ರಲ್ಲಿ ಆಗಿನ ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಬಳಿಕ ಅದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಾಯಿತು. ಹಳ್ಳಿಯ ಹಿರಿಯರು ಇಂದಿಗೂ ವಿದ್ಯುತ್ ಕಚೇರಿಯನ್ನು ‘ಕೆ.ಇ.ಬಿ.’ ಎಂದು ಕರೆಯುವುದು ಆ ಕಾಲದ ನೆನಪಿನಿಂದ. 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯಂತೆ ಮಂಡಳಿಯನ್ನು ಕಂಪನಿಯ ರೂಪಕ್ಕೆ ತರಲಾಯಿತು. 1999ರ ಆಗಸ್ಟ್ 1ರಿಂದ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆ.ಪಿ.ಟಿ.ಸಿ.ಎಲ್., ಪ್ರಸರಣ ಮತ್ತು ವಿತರಣೆ ಎರಡನ್ನೂ ವಹಿಸಿಕೊಂಡಿತು. ಬಳಿಕ ವಿತರಣೆಯನ್ನು ಅದರಿಂದ ಬೇರ್ಪಡಿಸಿ ಪ್ರದೇಶವಾರು ಕಂಪನಿಗಳನ್ನು ಕಟ್ಟಲಾಯಿತು. ಅವುಗಳಲ್ಲಿ ಒಂದಾದ ಹೆಸ್ಕಾಂ 2002ರ ಏಪ್ರಿಲ್ 30ರಂದು ನೋಂದಣಿಯಾಯಿತು. 2002ರ ಜೂನ್ 1ರಿಂದ ಕಾರ್ಯಾರಂಭ ಮಾಡಿತು.

ಕಂಪನಿಯ ಪರಿಚಯದಲ್ಲಿ ‘ಸ್ಥಾಪನೆ’ ಎಂಬ ಪದದ ಎದುರು ಬರೆಯಬೇಕಾದದ್ದು ನೋಂದಣಿಯ ದಿನಾಂಕ. ಕಾನೂನಿನ ಪ್ರಕಾರ ಕಂಪನಿ ಎಂಬ ಪ್ರತ್ಯೇಕ ವ್ಯಕ್ತಿತ್ವ ಹುಟ್ಟುವುದು ಆ ದಿನ. ಒಪ್ಪಂದ ಮಾಡಿಕೊಳ್ಳುವ, ಆಸ್ತಿ ಹೊಂದುವ, ನ್ಯಾಯಾಲಯದಲ್ಲಿ ದಾವೆ ಹೂಡುವ ಅಧಿಕಾರ ಅದಕ್ಕೆ ಬರುವುದೂ ಆ ದಿನದಿಂದಲೇ. ಕಾರ್ಯಾರಂಭದ ದಿನಾಂಕವನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಬರೆಯಬಹುದು. 1957 ಮತ್ತು 1999 ಕಂಪನಿಯ ಪೂರ್ವ ಇತಿಹಾಸಕ್ಕೆ ಸೇರಿದವು. ಅವನ್ನು ‘ಹಿನ್ನೆಲೆ’ ಎಂಬ ತಲೆಬರಹದಡಿ ಒಂದು ವಾಕ್ಯದಲ್ಲಿ ಹೇಳಬೇಕು. ‘ಹೆಸ್ಕಾಂ 1957ರಲ್ಲಿ ಸ್ಥಾಪನೆಯಾಯಿತು’ ಎಂದು ಬರೆದ ಹಾಳೆ ತಪ್ಪು. ‘ಹೆಸ್ಕಾಂ ಮಾಡುತ್ತಿರುವ ಕೆಲಸವನ್ನು ಮೊದಲು 1957ರಲ್ಲಿ ಸ್ಥಾಪನೆಯಾದ ಮಂಡಳಿ ಮಾಡುತ್ತಿತ್ತು’ ಎಂದು ಬರೆದದ್ದು ಸರಿ.

ಗುರುತಿನ ಸಂಖ್ಯೆಯಲ್ಲಿರುವ 2002 ಎಂಬ ವರ್ಷವೂ ಸಚಿವಾಲಯದ ಪುಟದಲ್ಲಿರುವ ನೋಂದಣಿ ದಿನಾಂಕವೂ ಒಂದಕ್ಕೊಂದು ತಾಳೆಯಾಗುತ್ತವೆ. ಇವೆರಡೂ ಒಂದೇ ನೋಂದಣಿಯಿಂದ ಬಂದವು. ಬೇರೊಂದು ಕೈಯಿಂದ ಬಂದ ಆಧಾರ ಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶವನ್ನು ನೋಡಬೇಕು. ವಿದ್ಯುತ್ ದರವನ್ನು ನಿಗದಿಪಡಿಸುವ ಆಯೋಗ ಅದು. ಪ್ರತಿ ಕಂಪನಿಯ ದರ ಆದೇಶದ ಆರಂಭದ ಅಧ್ಯಾಯದಲ್ಲಿ ಆ ಕಂಪನಿಯ ಸಂಕ್ಷಿಪ್ತ ಪರಿಚಯವಿರುತ್ತದೆ. ಆದೇಶಗಳು `kerc.karnataka.gov.in` ಜಾಲತಾಣದಲ್ಲಿ ದೊರೆಯುತ್ತವೆ.

ವಲಯ: ಸುಳಿವು ದಾರಿ ತಪ್ಪಿಸುವ ಜಾಗ

ವಲಯದ ಪ್ರಶ್ನೆಯಲ್ಲಿ ಗುರುತಿನ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಿದ ವಿದ್ಯಾರ್ಥಿ ತಪ್ಪುತ್ತಾನೆ. ಹೆಸ್ಕಾಂ ಸಂಖ್ಯೆಯಲ್ಲಿ ಉದ್ಯಮದ ವರ್ಗವನ್ನು ಸೂಚಿಸುವ ಅಂಕಿಗಳು 31401. ಈ ಅಂಕಿಗಳನ್ನು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದೊಂದಿಗೆ ಹೋಲಿಸಬೇಕು. 1998 ಮತ್ತು 2004ರ ವರ್ಗೀಕರಣಗಳಲ್ಲಿ 31 ಎಂಬುದು ವಿದ್ಯುತ್ ಯಂತ್ರೋಪಕರಣಗಳ ತಯಾರಿಕೆಗೆ ಮೀಸಲಾದ ವಿಭಾಗ. ವಿದ್ಯುತ್ ಪೂರೈಕೆ ಬರುವುದು 40ನೆಯ ವಿಭಾಗದಲ್ಲಿ. ಹೆಸ್ಕಾಂ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲ. ನೋಂದಣಿಯ ಹೊತ್ತಿನಲ್ಲಿ ನೀಡಿದ ವರ್ಗಸಂಖ್ಯೆ ಕಂಪನಿಯ ನಿಜವಾದ ಕೆಲಸಕ್ಕೆ ಹೊಂದದೆ ಇರಬಹುದು, ಅಥವಾ ಕಂಪನಿಯ ಕೆಲಸ ಮುಂದೆ ಬದಲಾಗಿರಬಹುದು ಎಂಬುದಕ್ಕೆ ಇದು ನಿದರ್ಶನ. ಆದುದರಿಂದ ವಲಯವನ್ನು ಬರೆಯಲು ಈ ಐದು ಅಂಕಿಗಳನ್ನು ಆಧಾರವಾಗಿ ಕೊಡಬಾರದು.

ಹಾಗಾದರೆ ಆಧಾರ ಎಲ್ಲಿದೆ? ಕಂಪನಿ ಏನು ಮಾಡಲು ಅನುಮತಿ ಪಡೆದಿದೆ ಮತ್ತು ಯಾವುದರಿಂದ ಹಣ ಗಳಿಸುತ್ತಿದೆ ಎಂಬ ಎರಡು ಪ್ರಶ್ನೆಗಳಲ್ಲಿದೆ. ಅನುಮತಿಯ ವಿಷಯವನ್ನು ಆಯೋಗದ ದರ ಆದೇಶ ಹೇಳುತ್ತದೆ. ಹೆಸ್ಕಾಂ 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ವಿತರಣಾ ಪರವಾನಗಿ ಹೊಂದಿದ ಸಂಸ್ಥೆ. ಗಳಿಕೆಯ ವಿಷಯವನ್ನು ಕಂಪನಿಯ ವಾರ್ಷಿಕ ವರದಿಯ ಲಾಭ ನಷ್ಟದ ತಃಖ್ತೆ ಹೇಳುತ್ತದೆ. ಅದರಲ್ಲಿ ಗ್ರಾಹಕರಿಗೆ ವಿದ್ಯುತ್ ಮಾರಾಟದಿಂದ ಬಂದ ಆದಾಯ ಒಂದು ಕಡೆ, ವಿದ್ಯುತ್ ಖರೀದಿಗೆ ಮಾಡಿದ ವೆಚ್ಚ ಇನ್ನೊಂದು ಕಡೆ ಕಾಣುತ್ತದೆ. ಕೊಂಡು ಮಾರುವವರು ಇವರು ಎಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ.

ಈ ಜಿಲ್ಲೆಯ ಮಕ್ಕಳು ಇಲ್ಲಿ ಮಾಡುವ ತಪ್ಪಿಗೆ ಕಣ್ಣೆದುರಿನ ಕಾರಣವಿದೆ. ಗದಗ, ಮುಂಡರಗಿ ಮತ್ತು ಶಿರಹಟ್ಟಿ ಸೀಮೆಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಅವನ್ನು ನೋಡಿದ ಮಗು ‘ಹೆಸ್ಕಾಂ ಗಾಳಿಯಿಂದ ವಿದ್ಯುತ್ ಉತ್ಪಾದಿಸುತ್ತದೆ’ ಎಂದು ಬರೆಯುವುದು ಸಹಜ. ವಿದ್ಯುತ್ ಉದ್ಯಮದಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ ಎಂಬುದನ್ನು ಅದಕ್ಕೆ ತಿಳಿಸಬೇಕು. ಮೊದಲನೆಯದು ಉತ್ಪಾದನೆ. ರಾಜ್ಯ ಸರ್ಕಾರದ ಕರ್ನಾಟಕ ವಿದ್ಯುತ್ ನಿಗಮವೂ ಅನೇಕ ಖಾಸಗಿ ಕಂಪನಿಗಳೂ ಇದನ್ನು ಮಾಡುತ್ತವೆ. ಎರಡನೆಯದು ಪ್ರಸರಣ, ಅಂದರೆ ದೊಡ್ಡ ಗೋಪುರಗಳ ಮೇಲಿನ ಹೆಚ್ಚು ಒತ್ತಡದ ತಂತಿಗಳಲ್ಲಿ ವಿದ್ಯುತ್ತನ್ನು ದೂರಕ್ಕೆ ಸಾಗಿಸುವುದು. ರಾಜ್ಯದೊಳಗೆ ಇದು ಕೆ.ಪಿ.ಟಿ.ಸಿ.ಎಲ್. ಕೆಲಸ. ಮೂರನೆಯದು ವಿತರಣೆ, ಅಂದರೆ ಉಪಕೇಂದ್ರದಿಂದ ಊರಿನ ಪರಿವರ್ತಕಕ್ಕೆ, ಅಲ್ಲಿಂದ ಮನೆ, ಹೊಲ, ಬೀದಿ ದೀಪಗಳಿಗೆ ತಲುಪಿಸಿ ಬಿಲ್ಲು ವಸೂಲು ಮಾಡುವುದು. ಹೆಸ್ಕಾಂ ಕೆಲಸ ಈ ಮೂರನೆಯದು.

ಇದನ್ನು ಪರೀಕ್ಷಿಸಲು ಗದಗಕ್ಕೆ ಹೋಗಬೇಕಾಗಿಲ್ಲ. ಹತ್ತಿರದ ವಿದ್ಯುತ್ ಉಪಕೇಂದ್ರದ ಬೇಲಿಯ ಹೊರಗೆ ನಿಂತು ಫಲಕವನ್ನು ಓದಿದರೂ ಸಾಕು. ಅದರಲ್ಲಿ ಕೇಂದ್ರ ಯಾರದ್ದು ಮತ್ತು ಎಷ್ಟು ಕಿಲೋವೋಲ್ಟಿನದ್ದು ಎಂಬುದು ಬರೆದಿರುತ್ತದೆ. 110 ಕಿಲೋವೋಲ್ಟ್ ಎಂದಿದ್ದರೆ ಸಾಮಾನ್ಯವಾಗಿ ಕೆ.ಪಿ.ಟಿ.ಸಿ.ಎಲ್. ಹೆಸರಿರುತ್ತದೆ, 33 ಕಿಲೋವೋಲ್ಟ್ ಎಂದಿದ್ದರೆ ಸಾಮಾನ್ಯವಾಗಿ ಹೆಸ್ಕಾಂ ಹೆಸರಿರುತ್ತದೆ. ಹಾಗೆ ಕಂಡದ್ದನ್ನು ಸ್ಥಳ ಮತ್ತು ದಿನಾಂಕದೊಂದಿಗೆ ಬರೆದರೆ ಅದೂ ಒಂದು ಆಧಾರವೇ. ಮಗು ಬೇಲಿಯೊಳಗೆ ಹೋಗದಂತೆ ದೊಡ್ಡವರೊಬ್ಬರು ಜೊತೆಗಿರಬೇಕು.

ಒಡೆತನ: ನಿರ್ದೇಶಕರು ಒಡೆಯರಲ್ಲ

ಮೂರು ಪ್ರಶ್ನೆಗಳಲ್ಲಿ ಹೆಚ್ಚು ತಪ್ಪಾಗುವುದು ಒಡೆತನದಲ್ಲಿ. ತಪ್ಪು ಎರಡು ಬಗೆಯಲ್ಲಿ ಬರುತ್ತದೆ.

ಮೊದಲನೆಯ ಬಗೆಯಲ್ಲಿ ವಿದ್ಯಾರ್ಥಿಯು ‘ಕಂಪನಿ’ ಎಂಬ ಪದವನ್ನು ಕಂಡು ಅದು ಖಾಸಗಿಯವರದ್ದೆಂದು ಬರೆಯುತ್ತಾನೆ. ಕಂಪನಿ ಎಂಬುದು ಸಂಸ್ಥೆಯ ಕಾನೂನು ರೂಪವೇ ಹೊರತು ಒಡೆಯರ ಹೆಸರಲ್ಲ. ಸರ್ಕಾರವೂ ಕಂಪನಿಯ ಷೇರುಗಳನ್ನು ಹೊಂದಬಹುದು. ಎರಡನೆಯ ಬಗೆಯಲ್ಲಿ ವಿದ್ಯಾರ್ಥಿಯು ವ್ಯವಸ್ಥಾಪಕ ನಿರ್ದೇಶಕರ ಹೆಸರನ್ನು ಕಂಡು ಅವರನ್ನೇ ಒಡೆಯರೆಂದು ಬರೆಯುತ್ತಾನೆ. ನಿರ್ದೇಶಕರು ಕಂಪನಿಯ ಆಡಳಿತ ನಡೆಸುವವರು. ಷೇರು ಹೊಂದಿದವರು ಒಡೆಯರು. ಸರ್ಕಾರಿ ಕಂಪನಿಯ ನಿರ್ದೇಶಕರು ಸರ್ಕಾರದ ಆದೇಶದಿಂದ ಬರುತ್ತಾರೆ, ವರ್ಗಾವಣೆಯಾಗಿ ಹೋಗುತ್ತಾರೆ. ಒಡೆತನ ಅಲ್ಲೇ ಇರುತ್ತದೆ.

ಗುರುತಿನ ಸಂಖ್ಯೆಯಲ್ಲಿರುವ `SGC` ಎಂಬ ಮೂರು ಅಕ್ಷರಗಳು ಇಲ್ಲಿ ಒಳ್ಳೆಯ ಸುಳಿವು. ಆದರೆ ಅವು ಎಷ್ಟನ್ನು ಹೇಳುತ್ತವೆ, ಎಷ್ಟನ್ನು ಹೇಳುವುದಿಲ್ಲ ಎಂಬುದನ್ನು ತಿಳಿದಿರಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ಪಾವತಿಯಾದ ಷೇರು ಬಂಡವಾಳದಲ್ಲಿ ಕನಿಷ್ಠ 51ರಷ್ಟು ಶೇಕಡಾವಾರು ಪಾಲು ಕೇಂದ್ರದ ಅಥವಾ ರಾಜ್ಯದ ಸರ್ಕಾರದ ಬಳಿ ಇದ್ದರೆ ಅದು ಸರ್ಕಾರಿ ಕಂಪನಿ. ಅಂದರೆ ಈ ಮೂರು ಅಕ್ಷರಗಳನ್ನು ಮಾತ್ರ ನೋಡಿ ‘ಪೂರ್ಣವಾಗಿ ಸರ್ಕಾರದ್ದು’ ಎಂದು ಬರೆಯುವಂತಿಲ್ಲ. ‘ಬಹುಪಾಲು ಸರ್ಕಾರದ್ದು’ ಎನ್ನುವಷ್ಟಕ್ಕೆ ಮಾತ್ರ ಅದು ಆಧಾರ. ಉಳಿದ ಪಾಲು ಯಾರದ್ದು ಎಂದು ತಿಳಿಯಲು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು.

ಆ ಹೆಜ್ಜೆ ಕಂಪನಿಯ ವಾರ್ಷಿಕ ವರದಿಯಲ್ಲಿದೆ. ವರದಿಗಳು `hescom.karnataka.gov.in` ಜಾಲತಾಣದಲ್ಲಿ ದೊರೆಯುತ್ತವೆ. ವರದಿ ದೊಡ್ಡದಾಗಿದ್ದರೂ ಮಗು ಓದಬೇಕಾದದ್ದು ಒಂದೇ ಪುಟ. ಆಸ್ತಿ ಹೊಣೆ ತಃಖ್ತೆಯ ನಂತರ ಬರುವ ಟಿಪ್ಪಣಿಗಳಲ್ಲಿ ‘ಷೇರು ಬಂಡವಾಳ’ ಎಂಬ ಟಿಪ್ಪಣಿ ಇರುತ್ತದೆ. ಶೇಕಡಾ 5ಕ್ಕಿಂತ ಹೆಚ್ಚು ಷೇರು ಹೊಂದಿದ ಪ್ರತಿಯೊಬ್ಬರ ಹೆಸರು ಮತ್ತು ಅವರ ಷೇರುಗಳ ಸಂಖ್ಯೆಯನ್ನು ಅಲ್ಲಿ ತೋರಿಸಲೇಬೇಕೆಂದು ಕಾಯ್ದೆಯ ಮೂರನೆಯ ಅನುಸೂಚಿ ವಿಧಿಸುತ್ತದೆ. ಹೆಸ್ಕಾಂ ವಿಷಯದಲ್ಲಿ ಅಲ್ಲಿ ಹುಡುಕಬೇಕಾದ ಹೆಸರು ಕರ್ನಾಟಕ ಸರ್ಕಾರದ್ದು. ಆ ಸಾಲಿನ ಎದುರಿಗಿರುವ ಶೇಕಡಾವಾರನ್ನು, ಅದು ಯಾವ ವರ್ಷದ ಮಾರ್ಚ್ 31ಕ್ಕೆ ಸಂಬಂಧಿಸಿದ್ದು ಎಂಬುದರ ಸಹಿತ ಬರೆದುಕೊಳ್ಳಬೇಕು. ಷೇರು ಬಂಡವಾಳದ ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ದಿನಾಂಕವಿಲ್ಲದ ಮೊತ್ತಕ್ಕೆ ಬೆಲೆಯಿಲ್ಲ.

ಕೆಲವು ಸರ್ಕಾರಿ ಕಂಪನಿಗಳ ಷೇರುದಾರರ ಪಟ್ಟಿಯಲ್ಲಿ ಅಧಿಕಾರಿಗಳ ಹೆಸರುಗಳೂ ಕಾಣಿಸಿ ಓದುಗರನ್ನು ಗೊಂದಲಕ್ಕೀಡುಮಾಡುತ್ತವೆ. ಕಾರಣ ಸರಳವಾದದ್ದು. ಸಾರ್ವಜನಿಕ ಕಂಪನಿಗೆ ಕನಿಷ್ಠ ಏಳು ಮಂದಿ ಸದಸ್ಯರಿರಬೇಕೆಂದು ಕಾನೂನು ಹೇಳುತ್ತದೆ. ಆ ಸಂಖ್ಯೆಯನ್ನು ತುಂಬಲು ಅಧಿಕಾರಿಗಳು ತಮ್ಮ ಹುದ್ದೆಯ ಬಲದಿಂದ ಒಂದೆರಡು ಷೇರುಗಳನ್ನು ಸರ್ಕಾರದ ಪರವಾಗಿ ಹೊಂದಿರುತ್ತಾರೆ. ಅವರು ಹೆಸರಿಗೆ ಷೇರುದಾರರು; ಆ ಷೇರುಗಳ ಹಿಂದಿರುವುದು ಸರ್ಕಾರವೇ. ಅಂತಹ ಹೆಸರುಗಳನ್ನು ಒಡೆಯರೆಂದು ಪರಿಚಯದಲ್ಲಿ ಬರೆಯಬಾರದು.

ವಾರ್ಷಿಕ ವರದಿ ಜಾಲತಾಣದಲ್ಲಿ ಸಿಗದ ಕಂಪನಿಗಳಿಗೆ ಇನ್ನೊಂದು ದಾರಿಯಿದೆ. ಪ್ರತಿ ಕಂಪನಿಯೂ ಸಚಿವಾಲಯಕ್ಕೆ ಪ್ರತಿ ವರ್ಷ ಸಲ್ಲಿಸುವ ವಾರ್ಷಿಕ ವಿವರಪಟ್ಟಿಯಲ್ಲಿ ಷೇರುಗಳ ಹಂಚಿಕೆ ಇರುತ್ತದೆ. ನಮೂನೆ `MGT-7` ಎಂಬ ಹೆಸರಿನ ಈ ಕಡತವನ್ನು 100 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಶಾಲೆಯ ಒಂದು ಪುಟಕ್ಕಾಗಿ ಆ ವೆಚ್ಚ ಸಾಮಾನ್ಯವಾಗಿ ಬೇಕಾಗುವುದಿಲ್ಲ; ಷೇರುಪೇಟೆಯಲ್ಲಿರುವ ಕಂಪನಿಯನ್ನು ಆಯ್ದುಕೊಂಡವರಿಗೆ ಷೇರುಗಳ ಹಂಚಿಕೆ ಪ್ರತಿ ಮೂರು ತಿಂಗಳಿಗೊಮ್ಮೆ ಷೇರುಪೇಟೆಯ ಜಾಲತಾಣದಲ್ಲಿಯೇ ಉಚಿತವಾಗಿ ಸಿಗುತ್ತದೆ.

ಪುಟವನ್ನು ಬರೆಯುವುದು

ಆಧಾರಗಳು ಕೂಡಿದ ಮೇಲೆ ಬರಹಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಪ್ರತಿ ಸಂಗತಿಯ ಬೆನ್ನಿಗೇ ಅದರ ಆಧಾರವನ್ನು ಹೇಳುವುದು ಇಲ್ಲಿನ ನಿಯಮ. ಪುಟದ ಕೊನೆಯಲ್ಲಿ ‘ಅಂತರ್ಜಾಲ’ ಎಂದು ಒಂದೇ ಪದ ಬರೆದರೆ ಯಾವ ಸಂಗತಿ ಎಲ್ಲಿಂದ ಬಂದಿತೆಂಬುದು ಯಾರಿಗೂ ತಿಳಿಯದು. ಮುಂಡರಗಿ ತಾಲ್ಲೂಕಿನ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಮೇಲಿನ ಕ್ರಮದಂತೆ ಬರೆದರೆ ಅವಳ ಪುಟ ಹೀಗಿರುತ್ತದೆ:

ಹೆಸರು: ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತ (ಹೆಸ್ಕಾಂ). ಗುರುತಿನ ಸಂಖ್ಯೆ `U31401KA2002SGC030437`. ಕೇಂದ್ರ ಕಚೇರಿ ನವನಗರ, ಹುಬ್ಬಳ್ಳಿ. ಈ ವಿವರಗಳನ್ನು ಕಂಪನಿಯ ಪತ್ರದ ತಲೆಬರಹದಿಂದ ಪಡೆದು ಸಚಿವಾಲಯದ ಪುಟದೊಂದಿಗೆ ತಾಳೆ ನೋಡಲಾಗಿದೆ. ನೋಡಿದ ದಿನಾಂಕ: ________

ಸ್ಥಾಪನೆ: 2002ರ ಏಪ್ರಿಲ್ 30ರಂದು 1956ರ ಕಂಪನಿ ಕಾಯ್ದೆಯಡಿ ನೋಂದಣಿ ಆಯಿತು ಎಂದು ಸಚಿವಾಲಯದ ದಾಖಲೆ ತಿಳಿಸುತ್ತದೆ. 2002ರ ಜೂನ್ 1ರಿಂದ ಕಾರ್ಯಾರಂಭವಾಯಿತು ಎಂದು ಆಯೋಗದ ದರ ಆದೇಶ ತಿಳಿಸುತ್ತದೆ.

ಹಿನ್ನೆಲೆ: ವಿದ್ಯುತ್ ವಿತರಣೆಯನ್ನು ಮೊದಲು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯೂ, 1999ರಿಂದ 2002ರವರೆಗೆ ಕೆ.ಪಿ.ಟಿ.ಸಿ.ಎಲ್. ಕೂಡ ನಡೆಸುತ್ತಿದ್ದವು.

ವಲಯ: ವಿದ್ಯುತ್ ವಿತರಣೆ ಮತ್ತು ಗ್ರಾಹಕರಿಗೆ ಮಾರಾಟ. ಉತ್ಪಾದನೆ ಮತ್ತು ಪ್ರಸರಣ ಇದರ ಕೆಲಸವಲ್ಲ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆ ಎಂಬ ಏಳು ಜಿಲ್ಲೆಗಳು ಇದರ ವ್ಯಾಪ್ತಿ. ಆಧಾರ ಆಯೋಗದ ದರ ಆದೇಶ. ಗುರುತಿನ ಸಂಖ್ಯೆಯಲ್ಲಿರುವ ವರ್ಗಸಂಖ್ಯೆ ಯಂತ್ರ ತಯಾರಿಕೆಯನ್ನು ಸೂಚಿಸುವುದರಿಂದ ಅದನ್ನು ಬಳಸಿಲ್ಲ.

ಒಡೆತನ: ಕರ್ನಾಟಕ ಸರ್ಕಾರ. ಮಾರ್ಚ್ 31, ______ರಂದು ಸರ್ಕಾರದ ಷೇರು ಪಾಲು ಶೇಕಡಾ ______. ಆಧಾರ ಆ ವರ್ಷದ ವಾರ್ಷಿಕ ವರದಿಯ ಷೇರು ಬಂಡವಾಳದ ಟಿಪ್ಪಣಿ, ಪುಟ ______. ಆಡಳಿತವನ್ನು ನಿರ್ದೇಶಕರ ಮಂಡಳಿ ನಡೆಸುತ್ತದೆ, ಅವರು ಒಡೆಯರಲ್ಲ.

ಇಷ್ಟಕ್ಕೆ ಒಂದು ಪುಟ ಸಾಕು. ಖಾಲಿ ಬಿಟ್ಟ ಜಾಗಗಳನ್ನು ಮಗು ತಾನೇ ದಾಖಲೆ ನೋಡಿ ತುಂಬಬೇಕು. ಯಾರೂ ಹೇಳಿಕೊಟ್ಟು ತುಂಬಿಸಬಾರದು.

ಕೈಯಲ್ಲಿ ಹಾಳೆ ಹಿಡಿದ ಸದಸ್ಯರು ಕೇಳಬೇಕಾದದ್ದು

ಆಧಾರವೆಂದು ಕೊಟ್ಟದ್ದು ನಿಜವಾಗಿಯೂ ಆಧಾರವೇ ಎಂದು ತಿಳಿಯಲು, ಅದನ್ನು ಬರೆದವರಿಗೆ ಆ ಸಂಗತಿ ಹೇಗೆ ಗೊತ್ತು ಎಂದು ಕೇಳಿದರೆ ಸಾಕು. ನೋಂದಣಿ ಮಾಡಿದ ಕಚೇರಿಗೆ ನೋಂದಣಿಯ ದಿನ ಗೊತ್ತು. ಪರವಾನಗಿ ಮತ್ತು ದರವನ್ನು ನೋಡಿಕೊಳ್ಳುವ ಆಯೋಗಕ್ಕೆ ಕಂಪನಿಯ ಕೆಲಸ ಗೊತ್ತು. ಲೆಕ್ಕ ಪರಿಶೋಧನೆಯಾದ ವರದಿಗೆ ಷೇರುದಾರರು ಯಾರೆಂದು ಗೊತ್ತು. ಕಂಪನಿಗಳ ವಿವರ ಒಟ್ಟುಗೂಡಿಸುವ ಖಾಸಗಿ ಜಾಲತಾಣಗಳು ಮತ್ತು ವಿಶ್ವಕೋಶದ ಪುಟಗಳು ಇವುಗಳಿಂದಲೇ ಪಡೆದು ಬರೆಯುತ್ತವೆ. ಒಂದೇ ತಪ್ಪು ಹತ್ತು ಜಾಲತಾಣಗಳಲ್ಲಿ ಕಂಡರೆ ಹತ್ತು ಸಾಕ್ಷಿಗಳಾಗುವುದಿಲ್ಲ; ಒಂದೇ ಮೂಲದ ಹತ್ತು ನಕಲುಗಳಾಗುತ್ತವೆ. ದಾರಿ ತಿಳಿಯಲು ಅವನ್ನು ಓದಬಹುದು, ಆಧಾರವೆಂದು ಬರೆಯಬಾರದು.

ಕಂಪನಿಯ ಸ್ವಂತ ಜಾಲತಾಣವನ್ನೂ ಭಾಗ ಮಾಡಿ ನೋಡಬೇಕು. ಅಲ್ಲಿರುವ ವಾರ್ಷಿಕ ವರದಿ ಕಾನೂನಿನ ಹೊಣೆಯಿಂದ ಪ್ರಕಟವಾದದ್ದು. ಸರ್ಕಾರಿ ಕಂಪನಿಯ ಲೆಕ್ಕ ಪರಿಶೋಧಕರನ್ನು ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು ನೇಮಿಸುತ್ತಾರೆ. ವರದಿಯನ್ನು ರಾಜ್ಯ ವಿಧಾನಮಂಡಲದ ಮುಂದೆ ಇಡಲಾಗುತ್ತದೆ. ಅದೇ ಜಾಲತಾಣದ ‘ನಮ್ಮ ಬಗ್ಗೆ’ ಎಂಬ ಪುಟಕ್ಕೆ ಅಂತಹ ಪರಿಶೀಲನೆ ಇರುವುದಿಲ್ಲ. ಎರಡರ ನಡುವೆ ವ್ಯತ್ಯಾಸ ಕಂಡರೆ ವರದಿಯನ್ನೇ ನೆಚ್ಚಬೇಕು.

ಒಡೆತನದ ಸಾಲು ತಪ್ಪಾದರೆ ಆಗುವ ನಷ್ಟ ಮಗುವಿನ ಅಂಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ‘ಇದು ಖಾಸಗಿ ಕಂಪನಿ’ ಎಂದು ಓದಿದ ಹಾಳೆಯನ್ನು ಹಿರಿಯರೂ ನಂಬುತ್ತಾರೆ. ಖಾಸಗಿಯವರಿಂದ ಮಾಹಿತಿ ಕೇಳುವ ಹಕ್ಕು ತಮಗಿಲ್ಲವೆಂದು ತಿಳಿದು ಸುಮ್ಮನಾಗುತ್ತಾರೆ. ರಾಜ್ಯ ಸರ್ಕಾರದ ಒಡೆತನದಲ್ಲಿರುವ ಕಂಪನಿಯು 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಸಾರ್ವಜನಿಕ ಪ್ರಾಧಿಕಾರ. ಊರಿನ ಪರಿವರ್ತಕ ಸುಟ್ಟಾಗ ಅದನ್ನು ಬದಲಿಸಲು ಎಷ್ಟು ದಿನ ಹಿಡಿಯಿತು, ಪಂಚಾಯಿತಿಯ ಆರ್.ಆರ್. ಸಂಖ್ಯೆಯ ಎದುರು ಬಾಕಿ ಎಷ್ಟು ತೋರಿಸಲಾಗಿದೆ ಎಂಬಂತಹ ದಾಖಲೆಗಳನ್ನು 10 ರೂಪಾಯಿ ಶುಲ್ಕದ ಅರ್ಜಿಯಿಂದ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಹೊಸ ವಿದ್ಯುತ್ ದರದ ಪ್ರಸ್ತಾವನೆ ಬಂದಾಗ ಆಯೋಗದ ಮುಂದೆ ಆಕ್ಷೇಪಣೆ ಸಲ್ಲಿಸಲೂ ಗ್ರಾಹಕರಿಗೆ ಅವಕಾಶವಿದೆ. ಗ್ರಾಮ ಪಂಚಾಯಿತಿಯೂ ಒಂದು ಗ್ರಾಹಕ.

ಆದುದರಿಂದ ಅರಿವು ಕೇಂದ್ರದ ಫಲಕಕ್ಕೆ ಇಂತಹ ಹಾಳೆಯನ್ನು ಹಚ್ಚುವ ಮೊದಲು ಸದಸ್ಯರು ಒಡೆತನದ ಸಾಲಿನ ಮೇಲೆ ಬೆರಳಿಟ್ಟು, ಇದು ಯಾವ ವರ್ಷದ ವರದಿಯ ಯಾವ ಪುಟದಲ್ಲಿದೆ ಎಂದು ಮಗುವನ್ನು ಕೇಳುವುದು. ಪುಟದ ಸಂಖ್ಯೆ ಹೇಳಿದರೆ ಹಾಳೆಯನ್ನು ಹಚ್ಚಬಹುದು. ಹೇಳಲಾಗದಿದ್ದರೆ ಆ ಒಂದು ಸಾಲನ್ನು ಮಾತ್ರ ಮತ್ತೆ ಹುಡುಕಿ ತರುವಂತೆ ತಿಳಿಸುವುದು.